ಜೇನು ನೀರಿನಲ್ಲಿ ಮುಳುಗಿದರೆ ಅಪ್ಪಟವೇ?

ಪ್ರಶ್ನೆ: ನಮಸ್ಕಾರ ಸರ್. ನಮ್ಮ ಮನೆ ಶಿವಮೊಗ್ಗದಲ್ಲಿ. ಜುಲೈನಲ್ಲಿ ಮಳೆ ನೋಡೋಣ ಅಂತ ಆಗುಂಬೆ ಕಡೆ ಹೋಗಿದ್ದೆವು. ದಾರಿಯಲ್ಲಿ ಒಬ್ಬರ ಹತ್ತಿರ ಒಂದು ಲೀಟರ್ "ಕಾಡು ಜೇನುತುಪ್ಪ" ನಾನೂರು ರೂಪಾಯಿಗೆ ಕೊಂಡೆವು. ಈಗಷ್ಟೇ ತೆಗೆದಿದ್ದು ಅಂದರು. ಅಲ್ಲೇ ನಾಟಿ ಹಸುವಿನ ತುಪ್ಪ ಅರ್ಧ ಕೆ.ಜಿ. ಇನ್ನೂರೈವತ್ತಕ್ಕೆ ಸಿಕ್ಕಿತು. ಸ್ವಲ್ಪ ಕಾಳುಮೆಣಸು, ಜಾಪತ್ರೆಯನ್ನೂ ತಂದೆವು. ಈಗ ಜೇನಿನ ತಳದಲ್ಲಿ ಸಕ್ಕರೆಯ ಹಾಗೆ ಗಟ್ಟಿಯಾಗಿದೆ. ಅತ್ತೆ ಕಲಬೆರಕೆ ಅಂತಾರೆ. ನಾನು ಒಂದು ಹನಿ ನೀರಿಗೆ ಬಿಟ್ಟು ನೋಡಿದೆ, ಕರಗದೆ ತಳಕ್ಕೆ ಹೋಯಿತು. ಹಾಗಾದರೆ ಶುದ್ಧವೇ ಅಲ್ವಾ? ಮಿಕ್ಕಿದ್ದನ್ನೂ ಮನೆಯಲ್ಲೇ ನೋಡೋದು ಹೇಗೆ? ಮುಂದೆ ಯಾರ ಹತ್ತಿರ ಕೊಳ್ಳಬೇಕು?

ಉತ್ತರ: ನಿಮ್ಮ ಅತ್ತೆಯವರ ಅನುಮಾನ ಸರಿ ಇರಬಹುದು, ಆದರೆ ಅವರು ಕೊಟ್ಟ ಕಾರಣ ಸರಿಯಿಲ್ಲ. ನೀವು ಮಾಡಿದ ಪರೀಕ್ಷೆಯಲ್ಲಿ ತಪ್ಪಿಲ್ಲ, ಆದರೆ ಅದರಿಂದ ನೀವು ತೆಗೆದ ತೀರ್ಮಾನ ನಿಲ್ಲುವುದಿಲ್ಲ. ನಾನು ಆಹಾರ ಪರೀಕ್ಷೆಯ ಪ್ರಯೋಗಾಲಯದಲ್ಲಿ ಕೆಲಸ ಮಾಡಿದವನು. ಜನ ನನ್ನ ಹತ್ತಿರ ಅತಿ ಹೆಚ್ಚು ಕೇಳುವುದು ಇದೇ ಎರಡು ವಿಷಯ: ಜೇನು ಹರಳುಗಟ್ಟಿದ್ದು, ಜೇನು ನೀರಿನಲ್ಲಿ ಮುಳುಗಿದ್ದು.

ಮೊದಲು ಹರಳಿನ ವಿಷಯ. ಜೇನಿನಲ್ಲಿ ಮುಖ್ಯವಾಗಿ ಎರಡು ಬಗೆಯ ಸಕ್ಕರೆ ಇರುತ್ತದೆ, ಗ್ಲೂಕೋಸ್ ಮತ್ತು ಫ್ರಕ್ಟೋಸ್. ಗ್ಲೂಕೋಸ್ ಜಾಸ್ತಿ ಇರುವ ಜೇನು ಬೇಗ ಹರಳಾಗುತ್ತದೆ. ಅದು ಯಾವ ಹೂವಿನದು ಅನ್ನುವುದರ ಮೇಲೆ ಹೋಗುತ್ತದೆ. ನಮ್ಮ ಕಡೆ ರಬ್ಬರ್ ತೋಟ ಇರುವಲ್ಲಿ ಸಿಗುವ ಜೇನು ಕೆಲವೇ ವಾರದಲ್ಲಿ ಗಟ್ಟಿಯಾಗಿಬಿಡುತ್ತದೆ. ಅದರಲ್ಲಿ ಮೋಸ ಏನೂ ಇಲ್ಲ. ಜೇನಿನ ಹರಳು ಸಣ್ಣಗೆ, ಮೆತ್ತಗೆ ಇದ್ದು ನಾಲಿಗೆಯ ಮೇಲೆ ಇಟ್ಟ ಕೂಡಲೇ ಕರಗುತ್ತದೆ. ಸಕ್ಕರೆ ಪಾಕ ತಳಕಟ್ಟಿದ್ದರೆ ಕಾಳು ದಪ್ಪಗಿರುತ್ತದೆ, ಹಲ್ಲಿಗೆ ಕರಕರ ಅನ್ನುತ್ತದೆ. ತಳದಿಂದ ಒಂದು ಚಮಚ ತೆಗೆದು ಬಾಯಿಗೆ ಹಾಕಿ ನೋಡಿ. ಇದು ಪಕ್ಕಾ ಪರೀಕ್ಷೆ ಅಲ್ಲ. ಕರಕರ ಅಂದರೆ ಅನುಮಾನ ಬಲವಾಗುತ್ತದೆ, ಅನ್ನದಿದ್ದರೆ ಏನೂ ಹೇಳಲಾಗದು, ಅಷ್ಟೇ.

ಈಗ ನೀರಿನ ಲೋಟ. ನೀರಿಗೆ ಬಿಟ್ಟಾಗ ಜೇನು ಕರಗದೆ ತಳ ಸೇರುವುದು ಅದು ಗಟ್ಟಿಯಾಗಿ, ಭಾರವಾಗಿ ಇರುವುದರಿಂದ. ಅದು ಜೇನುಹುಳ ಮಾಡಿದ್ದು ಅನ್ನುವ ಕಾರಣಕ್ಕಲ್ಲ. ಸಕ್ಕರೆಯನ್ನೋ ಜೋನಿ ಬೆಲ್ಲವನ್ನೋ ನೀರುನೀರಾಗಿ ಕಲಸಿ ಜೇನಿಗೆ ಬೆರೆಸಿದ್ದರೆ ಹನಿ ಲೋಟದಲ್ಲಿ ಹರಡಿಕೊಳ್ಳುತ್ತದೆ, ಆಗ ಸಿಕ್ಕಿಬೀಳುತ್ತದೆ. ಆದರೆ ಅದೇ ಪಾಕವನ್ನು ಇನ್ನೊಂದು ಹತ್ತು ನಿಮಿಷ ಕುದಿಸಿ ಗಟ್ಟಿ ಮಾಡಿದರೆ ಅದೂ ನೆಟ್ಟಗೆ ತಳಕ್ಕೆ ಹೋಗುತ್ತದೆ. ಬೇಕಾದರೆ ಮನೆಯಲ್ಲೇ ಗಟ್ಟಿ ಪಾಕ ಮಾಡಿ ಬಿಟ್ಟು ನೋಡಿ. ಇನ್ನೊಂದು ಕಡೆ, ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಹುಳದ ಅಪ್ಪಟ ಜೇನನ್ನು ಹುಳ ಎರಿಯ ಬಾಯಿ ಮುಚ್ಚುವ ಮೊದಲೇ ತೆಗೆದಿದ್ದರೆ ಅದು ತೆಳ್ಳಗಿರುತ್ತದೆ, ನೀರಿನಲ್ಲಿ ಬೇಗ ಹರಡುತ್ತದೆ. ನಸರಿ ಎಂಬ ಮುಳ್ಳಿಲ್ಲದ ಸಣ್ಣ ಹುಳದ ಜೇನಂತೂ ಹುಟ್ಟಾ ತೆಳುವೇ. ಅಂದರೆ ಈ ಪರೀಕ್ಷೆಯಲ್ಲಿ ಕಳ್ಳ ಪಾಸಾಗಬಹುದು, ಸಾಚಾ ಫೇಲ್ ಆಗಬಹುದು. ಬೆಂಕಿಕಡ್ಡಿಯನ್ನು ಜೇನಿಗೆ ಅದ್ದಿ ಗೀರುವುದು, ಹೆಬ್ಬೆರಳ ಮೇಲೆ ಹನಿ ನಿಲ್ಲಿಸುವುದು, ಪೇಪರಿನ ಮೇಲೆ ಬಿಟ್ಟು ಒದ್ದೆಯಾಗುತ್ತಾ ನೋಡುವುದು, ಇವೆಲ್ಲ ಅಳೆಯುವುದೂ ನೀರಿನ ಅಂಶವನ್ನೇ. ಇರುವೆ ಮುತ್ತುತ್ತಾ ಇಲ್ವಾ ಅನ್ನುವುದು ಯಾವುದನ್ನೂ ಅಳೆಯುವುದಿಲ್ಲ.

ನೀರಿನ ಅಂಶವನ್ನೇ ಅಳೆಯುವುದಾದರೆ ಸರಿಯಾಗಿ ಅಳೆಯೋಣ. ಅಡುಗೆಮನೆಯ ಡಿಜಿಟಲ್ ತಕ್ಕಡಿ ಇದ್ದರೆ ಸಾಕು. ಬಾಯಿ ಸಮವಾಗಿರುವ ಸಣ್ಣ ಗಾಜಿನ ಬಾಟಲಿ ಒಂದು ತೆಗೆದುಕೊಳ್ಳಿ. ಒಣಗಿದ ಬಾಟಲಿಯ ತೂಕ ನೋಡಿ. ಬಾಯಿಮಟ್ಟ ನೀರು ತುಂಬಿ ತೂಗಿ. ನೀರು ಚೆಲ್ಲಿ, ಪೂರ್ತಿ ಒಣಗಿಸಿ, ಅದೇ ಮಟ್ಟಕ್ಕೆ ಜೇನು ತುಂಬಿ ತೂಗಿ. ಹರಳಾದ ಜೇನಿದ್ದರೆ ಬಾಟಲಿಯನ್ನು ಮೊದಲು ಕೈಗೆ ಹಿತವಾಗುವಷ್ಟು ಬಿಸಿ ಇರುವ ನೀರಿನಲ್ಲಿಟ್ಟು ಕರಗಿಸಿ, ಆಮೇಲೆ ಆರಲು ಬಿಡಿ. ಒಲೆಯ ಮೇಲೆ ಇಡಬೇಡಿ. ಗಾಳಿಗುಳ್ಳೆ ಇದ್ದರೆ ಲೆಕ್ಕ ತಪ್ಪುತ್ತದೆ, ಹಾಗಾಗಿ ತುಂಬಿದ ಮೇಲೆ ಒಂದೆರಡು ಗಂಟೆ ಸುಮ್ನೆ ಬಿಟ್ಟು, ಮಟ್ಟ ಇಳಿದಿದ್ದರೆ ಇನ್ನಷ್ಟು ತುಂಬಿ ತೂಗಿ.

ಖಾಲಿ ಬಾಟಲಿ 150 ಗ್ರಾಂ, ನೀರು ತುಂಬಿದಾಗ 350 ಗ್ರಾಂ ಬಂತು ಅಂದುಕೊಳ್ಳಿ. ಒಳಗೆ ಹಿಡಿಯುವ ನೀರು 200 ಗ್ರಾಂ. ಜೇನು ತುಂಬಿದಾಗ 432 ಬಂದರೆ ಜೇನು 282 ಗ್ರಾಂ. 282ನ್ನು 200ರಿಂದ ಭಾಗಿಸಿದರೆ 1.41. ನೀರಿಗಿಂತ ಅಷ್ಟು ಪಟ್ಟು ಭಾರ. ಈ ಅಂಕಿ 1.41, 1.42ರ ಆಸುಪಾಸು ಇದ್ದರೆ ಜೇನಿನಲ್ಲಿ ನೀರಿನ ಅಂಶ ಶೇ. 20ರ ಒಳಗೆ ಇದೆ ಎಂದರ್ಥ. ನಮ್ಮ ಆಹಾರ ಸುರಕ್ಷತಾ ನಿಯಮ ಒಪ್ಪುವ ಮಿತಿಯೂ ಶೇ. 20. ಅಂಕಿ 1.35ರಿಂದ 1.40ರ ನಡುವೆ ಇದ್ದರೆ ಜೇನು ತೆಳು. ಅದು ಬೇಗ ಹುಳಿಬರುತ್ತದೆ, ಮುಚ್ಚಳ ತೆಗೆದಾಗ ಬುಸ್ ಅನ್ನುತ್ತದೆ. ಮಲೆನಾಡಿನ ಎಷ್ಟೋ ಅಪ್ಪಟ ತುಡುವೆ ಜೇನು ಇಲ್ಲೇ ಬಂದು ನಿಲ್ಲುತ್ತದೆ. ನಮ್ಮ ಗಾಳಿಯಲ್ಲೇ ತೇವ ಜಾಸ್ತಿ, ಏನು ಮಾಡೋದು. ನಸರಿ ಅಲ್ಲದ ಜೇನು 1.35ಕ್ಕಿಂತ ಕೆಳಗಿದ್ದರೆ ಮಾತ್ರ ನೀರೋ ತೆಳು ಪಾಕವೋ ಸೇರಿದೆ ಎಂದು ಧೈರ್ಯವಾಗಿ ಹೇಳಬಹುದು. ತಕ್ಕಡಿಯ ಒಂದು ಗ್ರಾಂ ಹೆಚ್ಚುಕಮ್ಮಿಯಿಂದ ಈ ಅಂಕಿ ಹೆಚ್ಚು ಅಲುಗುವುದಿಲ್ಲ.

ಆದರೆ ಅಂಕಿ 1.42 ಬಂದರೂ ಅದು ಜೇನೇ ಎಂದು ಸಾಬೀತಾಗುವುದಿಲ್ಲ. ಯಾಕೆಂದರೆ ಈಗಿನ ದೊಡ್ಡ ಮೋಸ ಸಕ್ಕರೆ ಪಾಕದ್ದಲ್ಲ, ಕಾರ್ಖಾನೆಯಲ್ಲಿ ಅಕ್ಕಿಯಿಂದ ಮಾಡುವ ಸಿರಪ್ಪಿನದು. ಅದನ್ನು ಜೇನಿನಷ್ಟೇ ಗಟ್ಟಿಯಾಗಿ, ಹೆಚ್ಚೂಕಮ್ಮಿ ಜೇನಿನಂಥದೇ ಸಕ್ಕರೆಗಳಿರುವ ಹಾಗೆ ಮಾಡುತ್ತಾರೆ. 2020ರ ಡಿಸೆಂಬರಿನಲ್ಲಿ ದಿಲ್ಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ ಸಂಸ್ಥೆ 13 ಬ್ರ್ಯಾಂಡ್‌ಗಳ ಜೇನನ್ನು ಪರೀಕ್ಷೆ ಮಾಡಿಸಿದ ಫಲಿತಾಂಶ ಹೊರಗೆ ಬಂತು. ಇಲ್ಲಿನ ಮಾಮೂಲಿ ಪ್ರಯೋಗಾಲಯದ ಪರೀಕ್ಷೆಗಳಲ್ಲಿ ಹೆಚ್ಚಿನವು ಪಾಸಾಗಿದ್ದವು. ಅದೇ ಜೇನನ್ನು ಜರ್ಮನಿಗೆ ಕಳಿಸಿ ಎನ್‌ಎಂಆರ್ ಎಂಬ ಪರೀಕ್ಷೆ ಮಾಡಿಸಿದಾಗ 10 ಬ್ರ್ಯಾಂಡ್‌ಗಳು ಫೇಲಾದವು. ಕಂಪನಿಗಳು ಆ ಫಲಿತಾಂಶವನ್ನು ಒಪ್ಪಲಿಲ್ಲ, ಅದು ಬೇರೆ ಮಾತು. ಪ್ರಯೋಗಾಲಯವನ್ನೇ ಯಾಮಾರಿಸುವ ಸಿರಪ್ಪು ನಿಮ್ಮ ಲೋಟದ ನೀರಿಗೆ ಸಿಕ್ಕಿಬೀಳುತ್ತದೆ ಎಂದು ನಂಬುವುದು ಕಷ್ಟ, ಅಲ್ವಾ?

ಹಾಗಾದರೆ ಮನೆಯಲ್ಲಿ ಕೂತು ಏನೂ ತಿಳಿಯುವುದಿಲ್ಲವೇ? ತಿಳಿಯುತ್ತದೆ. ಅದಕ್ಕೆ ಬೇಕಾದ್ದು ಲೋಟವಲ್ಲ, ಪೆನ್ನು ಪೇಪರು. ಈ ವಸ್ತು ಎಲ್ಲಿಂದ, ಯಾವ ತಿಂಗಳಲ್ಲಿ, ಎಷ್ಟು ಬರಲು ಸಾಧ್ಯ ಎಂದು ಲೆಕ್ಕ ಹಾಕಬೇಕು. ಸಿರಪ್ಪನ್ನು ಜೇನಿನ ಹಾಗೆ ಕಾಣಿಸಬಹುದು, ಈ ಲೆಕ್ಕವನ್ನು ಸರಿತೂಗಿಸುವುದು ಕಷ್ಟ. ನಿಮ್ಮ ಬಾಟಲಿಯನ್ನೇ ತೆಗೆದುಕೊಳ್ಳಿ.

ನೀವು ಕೊಂಡಿದ್ದು ಲೀಟರ್ ಲೆಕ್ಕದಲ್ಲಿ. ಒಂದು ಲೀಟರ್ ಜೇನು ಸುಮಾರು 1.4 ಕೆ.ಜಿ. ತೂಗುತ್ತದೆ. ಹಾಗಾಗಿ ನೀವು ಕೊಟ್ಟಿದ್ದು ಕೆ.ಜಿ.ಗೆ ಇನ್ನೂರ ಎಂಬತ್ತೈದು ರೂಪಾಯಿ. ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ತುಡುವೆ ಪೆಟ್ಟಿಗೆ ಇಟ್ಟವರನ್ನು ಕೇಳಿ ನೋಡಿ, ಇದರ ಎರಡು ಪಟ್ಟಿಗೂ ಜಾಸ್ತಿ ಹೇಳುತ್ತಾರೆ. ಹಾಗೆ ಹೇಳದೆ ಅವರಿಗೆ ಗಿಟ್ಟುವುದೂ ಇಲ್ಲ. ಒಂದು ತುಡುವೆ ಪೆಟ್ಟಿಗೆಯಿಂದ ಒಳ್ಳೆಯ ವರ್ಷದಲ್ಲೂ ಐದಾರರಿಂದ ಹತ್ತು ಕೆ.ಜಿ. ಜೇನು ಸಿಕ್ಕರೆ ಹೆಚ್ಚು.

ಎರಡನೆಯದು ತಿಂಗಳು. ಮಲೆನಾಡಿನಲ್ಲಿ ಜೇನು ತೆಗೆಯುವ ಕಾಲ ಫೆಬ್ರವರಿ ಕೊನೆಯಿಂದ ಮಳೆ ಹಿಡಿಯುವವರೆಗೆ. ಮತ್ತಿ, ನೇರಳೆ ಎಲ್ಲ ಹೂ ಬಿಟ್ಟು ಮುಗಿಸುವುದು ಅಷ್ಟರೊಳಗೆ. ಆಗುಂಬೆಯ ಜುಲೈ ಮಳೆಯಲ್ಲಿ ಹುಳ ಗೂಡಿನಿಂದ ಹೊರಗೆ ಬರುವುದೇ ಕಷ್ಟ. ಆ ದಿನಗಳಲ್ಲಿ ಸಾಕುವವರು ಹುಳ ಸಾಯದಿರಲಿ ಎಂದು ಪೆಟ್ಟಿಗೆಯೊಳಗೆ ಸಕ್ಕರೆ ಪಾಕ ಇಡುತ್ತಾರೆ. ಅದು ತಪ್ಪಲ್ಲ, ಸಾಕಣೆಯ ಮಾಮೂಲಿ ಕ್ರಮ. ಆದರೆ ಆ ಪಾಕ ಕುಡಿದ ಹುಳ ಎರಿಯಲ್ಲಿ ತುಂಬಿಟ್ಟಿದ್ದನ್ನು ತೆಗೆದು ಮಾರಿದರೆ ಅದು ಹೂವಿನ ಜೇನಲ್ಲ. ಜುಲೈನಲ್ಲಿ ನಿಂತು "ಈಗಷ್ಟೇ ತೆಗೆದಿದ್ದು" ಎಂದವರ ಮಾತು ನಿಜವೇ ಆಗಿದ್ದರೂ ಆ ಜೇನು ಬೇಡ. ಸುಳ್ಳಾಗಿದ್ದರಂತೂ ಬೇಡವೇ ಬೇಡ. "ಮೇನಲ್ಲಿ ತೆಗೆದಿದ್ದು, ಮನೆಯಲ್ಲಿತ್ತು" ಎಂದಿದ್ದರೆ ನಾನು ಇನ್ನೆರಡು ಪ್ರಶ್ನೆ ಕೇಳುತ್ತಿದ್ದೆ.

ಕಾಡು ಜೇನು ಅಂದರೆ ಸಾಮಾನ್ಯವಾಗಿ ಹೆಜ್ಜೇನು. ಮರ ಹತ್ತಿ ಹೊಗೆ ಹಾಕಿ ಎರಿ ಕಿತ್ತು ಹಿಂಡಿ ತೆಗೆಯುವುದರಿಂದ ಅದು ಸ್ವಲ್ಪ ಮಬ್ಬಾಗಿರುತ್ತದೆ, ಹೂಧೂಳಿ, ಮೇಣದ ಚೂರು ಸೇರಿರುತ್ತದೆ. ಇದು ಗೊತ್ತಿದ್ದೇ ಕೆಲವರು ಬಕೆಟಿನಲ್ಲಿ ಪಾಕ ತುಂಬಿ ಮೇಲೆ ಒಂದು ಎರಿ ತೇಲಿಬಿಟ್ಟು, ನಾಲ್ಕು ಸತ್ತ ಹುಳ ಉದುರಿಸಿ ಕೂರುತ್ತಾರೆ. ಎರಿ ಅಪ್ಪಟವೇ. ಅದರ ಕೆಳಗಿರುವುದಕ್ಕೂ ಅದಕ್ಕೂ ಸಂಬಂಧ ಇರಲೇಬೇಕೆಂದಿಲ್ಲ. ನಿಮ್ಮ ಬಾಟಲಿಯಲ್ಲಿ ಅದೆಲ್ಲ ಇದೆಯೋ ಇಲ್ಲವೋ, ದರ ಮತ್ತು ತಿಂಗಳು ಎರಡೂ ಕೈಕೊಟ್ಟಿರುವುದರಿಂದ ನಾನಾದರೆ ಅದನ್ನು ಜೇನು ಎಂದು ಬಳಸುವುದಿಲ್ಲ.

ತುಪ್ಪಕ್ಕೂ ಇದೇ ಲೆಕ್ಕ ಇನ್ನೂ ಚೆನ್ನಾಗಿ ನಡೆಯುತ್ತದೆ. ಹಸುವಿನ ಹಾಲಿನಲ್ಲಿ ಕೊಬ್ಬು ಶೇ. 4ರ ಸುಮಾರು. ಮಜ್ಜಿಗೆಯಲ್ಲಿ ಉಳಿಯುವುದು, ಕಾಯಿಸುವಾಗ ಹೋಗುವುದು ಎಲ್ಲ ಸೇರಿಸಿದರೆ ಒಂದು ಕೆ.ಜಿ. ತುಪ್ಪಕ್ಕೆ ಇಪ್ಪತ್ತೈದು ಲೀಟರ್ ಹಾಲಿಗಿಂತ ಕಡಿಮೆ ಸಾಲುವುದು ಕಷ್ಟ. ಲೀಟರಿಗೆ ನಲವತ್ತು ರೂಪಾಯಿ ಹಿಡಿದರೂ ಹಾಲಿಗೇ ಸಾವಿರ. ನಿಮಗೆ ಸಿಕ್ಕಿದ್ದು ಕೆ.ಜಿ.ಗೆ ಐನೂರರ ಲೆಕ್ಕದಲ್ಲಿ. ಅರ್ಧ ಬೆಲೆಗೆ ಹಾಲು ಹಿಂಡಿ, ಕಡೆದು, ಕಾಯಿಸಿ, ಬಾಟಲಿಗೆ ತುಂಬಿ ರಸ್ತೆ ಬದಿ ಕೂತು ಯಾರೂ ಮಾರುವುದಿಲ್ಲ.

ಹಾಗಂದರೆ ಹಾಲು ಒಕ್ಕೂಟದ ತುಪ್ಪ ಸಾವಿರಕ್ಕಿಂತ ಕಡಿಮೆಗೆ ಸಿಗುತ್ತದಲ್ಲ, ಅದೂ ಮೋಸವೇ ಎಂದು ಕೇಳಬಹುದು. ಅಲ್ಲ. ಡೈರಿ ಕೆನೆ ತೆಗೆದ ಹಾಲನ್ನು ಚೆಲ್ಲುವುದಿಲ್ಲ. ಅದನ್ನು ಪುಡಿ ಮಾಡಿ, ಪ್ಯಾಕೆಟ್ ಹಾಲಿಗೆ ಸೇರಿಸಿ, ಮಜ್ಜಿಗೆ ಮೊಸರು ಮಾಡಿ ಮಾರುತ್ತದೆ. ಹಾಲಿನ ಅರ್ಧ ಖರ್ಚು ಅಲ್ಲೇ ವಾಪಸ್ ಬರುತ್ತದೆ. ಹಳ್ಳಿಯ ಮನೆಯಲ್ಲಿ ಮಜ್ಜಿಗೆ ಹೋಗುವುದು ನೆಂಟರಿಗೆ, ದನದ ಅಕ್ಕಚ್ಚಿಗೆ. ಅದಕ್ಕೇ ಮನೆಯ ತುಪ್ಪ ಡೈರಿ ತುಪ್ಪಕ್ಕಿಂತ ದುಬಾರಿ ಇರಬೇಕು. ಅದಕ್ಕಿಂತ ಅಗ್ಗ ಇದ್ದರೆ ಅನುಮಾನ ಪಡಿ.

"ನಾಟಿ ಹಸು" ಎಂದರಲ್ಲ, ಅಲ್ಲೊಂದು ಪ್ರಶ್ನೆ ಕೇಳಬೇಕಿತ್ತು: ಎಷ್ಟು ಹಸು ಇವೆ? ಮಲೆನಾಡು ಗಿಡ್ಡ ಕೊಡುವುದು ದಿನಕ್ಕೆ ಒಂದೆರಡು ಲೀಟರ್, ಹೆಚ್ಚೆಂದರೆ ಮೂರು. ಹಾಲು ಕರೆಯುವ ಹಸು ಐದು ಇದ್ದರೆ ದಿನಕ್ಕೆ ಹತ್ತು ಲೀಟರ್ ಹಿಡಿಯಿರಿ. ಮನೆಗೆ ಒಂದು ಹನಿ ಬಳಸದಿದ್ದರೂ ಎರಡೂವರೆ ದಿನಕ್ಕೆ ಒಂದು ಕೆ.ಜಿ. ತುಪ್ಪ, ತಿಂಗಳಿಗೆ ಹನ್ನೆರಡು. ಅಂಥವರ ಮುಂದೆ ಪ್ರತಿ ವಾರ ಇಪ್ಪತ್ತು ಬಾಟಲಿ ಸಾಲಾಗಿ ನಿಂತಿದ್ದರೆ ಅದು ಎಲ್ಲಿಂದ ಬಂತು? ಇನ್ನು "ಎ2 ತುಪ್ಪ" ಎಂದು ದುಪ್ಪಟ್ಟು ದರ ಹೇಳುವವರೂ ಇದ್ದಾರೆ. ಎ2 ಅನ್ನುವುದು ಹಾಲಿನ ಪ್ರೋಟೀನಿನ ಹೆಸರು. ತುಪ್ಪದಲ್ಲಿ ಪ್ರೋಟೀನ್ ಉಳಿಯುವುದೇ ಇಲ್ಲವೆಂದರೂ ಸರಿ. ಆ ಮಾತಿಗೆ ದುಡ್ಡು ಕೊಡಬೇಡಿ.

ತುಪ್ಪದ ಮನೆ ಪರೀಕ್ಷೆಗಳಲ್ಲಿ ನಾನು ಒಪ್ಪುವುದು ಒಂದನ್ನೇ. ಅರ್ಧ ಚಮಚ ತುಪ್ಪ ಕರಗಿಸಿ ಮೆಡಿಕಲ್ ಶಾಪಿನಲ್ಲಿ ಸಿಗುವ ಟಿಂಚರ್ ಅಯೋಡಿನ್ ಎರಡು ಮೂರು ಹನಿ ಹಾಕಿ. ನೀಲಿಯಾದರೆ ಬೇಯಿಸಿದ ಆಲೂಗಡ್ಡೆಯಂಥ ಪಿಷ್ಟ ಬೆರೆಸಿದ್ದಾರೆ. ನೀಲಿಯಾಗದಿದ್ದರೆ ಪಿಷ್ಟ ಇಲ್ಲ, ಅಷ್ಟು ಮಾತ್ರ ಗೊತ್ತಾಯಿತು. ಪರೀಕ್ಷೆ ಮಾಡಿದ ತುಪ್ಪವನ್ನು ಚೆಲ್ಲಿಬಿಡಿ. ಅಂಗೈಯಲ್ಲಿ ಇಟ್ಟರೆ ಕರಗಬೇಕು ಅನ್ನುತ್ತಾರೆ. ತಾಳೆ ಎಣ್ಣೆ ಬೆರೆಸಿದ್ದೂ ಅಂಗೈಯಲ್ಲಿ ಕರಗುತ್ತದೆ. ಫ್ರಿಜ್ಜಿನಲ್ಲಿಟ್ಟರೆ ಎರಡು ಪದರ ಆದರೆ ಕಲಬೆರಕೆ ಅನ್ನುತ್ತಾರೆ. ಅಪ್ಪಟ ತುಪ್ಪವೂ ನಿಧಾನ ತಣಿದಾಗ ತಳದಲ್ಲಿ ಹರಳು, ಮೇಲೆ ಎಣ್ಣೆಯಂಥ ದ್ರವ ಎಂದು ಬೇರೆಯಾಗುತ್ತದೆ. ಬಣ್ಣವನ್ನೂ ನಂಬಬೇಡಿ. ಹಸುವಿನ ತುಪ್ಪ ಹಳದಿ, ಎಮ್ಮೆಯದು ಬಿಳಿ ಎನ್ನುವುದು ನಿಜ, ಆದರೆ ಹಳದಿ ಬಣ್ಣ ಹಾಕುವುದು ಸುಲಭ. ವಾಸನೆಗೂ ಎಸೆನ್ಸ್ ಇದೆ.

ತುಪ್ಪಕ್ಕೆ ಬೆರೆಸುವ ಡಾಲ್ಡಾದಂಥ ವನಸ್ಪತಿಯನ್ನು ಹಿಡಿಯಲು ಒಂದು ಜಾಣ ಉಪಾಯ ನಮ್ಮ ಕಾನೂನಿನಲ್ಲೇ ಇತ್ತು. ವನಸ್ಪತಿ ತಯಾರಿಸುವವರು ಅದಕ್ಕೆ ಕನಿಷ್ಠ ಶೇ. 5 ಎಳ್ಳೆಣ್ಣೆ ಸೇರಿಸಬೇಕು ಎಂಬ ನಿಯಮ ಮಾಡಿದರು. ಎಳ್ಳೆಣ್ಣೆ ಇದ್ದರೆ ಆಸಿಡ್ ಪರೀಕ್ಷೆಯಲ್ಲಿ ಕೆಂಪು ಬಣ್ಣ ಬರುತ್ತದೆ. ತುಪ್ಪಕ್ಕೆ ವನಸ್ಪತಿ ಬೆರೆಸಿದರೆ ಎಳ್ಳೆಣ್ಣೆಯೇ ಸಾಕ್ಷಿ ಹೇಳುತ್ತದೆ. ಇದನ್ನೇ ಮನೆಯಲ್ಲಿ ಮಾಡಿ ಎಂದು ಹೈಡ್ರೋಕ್ಲೋರಿಕ್ ಆಸಿಡ್ ತರಲು ಹೇಳುವ ವಿಡಿಯೋಗಳಿವೆ. ಮಕ್ಕಳಿರುವ ಅಡುಗೆಮನೆಗೆ ಆ ಆಸಿಡ್ ತರಬೇಡಿ. ಅದೂ ಅಲ್ಲದೆ ಈಗ ಬೆರೆಸುವವರು ವನಸ್ಪತಿಯನ್ನೇ ಬಳಸಬೇಕೆಂದಿಲ್ಲ. ಎಳ್ಳೆಣ್ಣೆ ಇಲ್ಲದ ತಾಳೆ ಎಣ್ಣೆ ಹಾಕಿದರೆ ಕೆಂಪು ಬರುವುದೇ ಇಲ್ಲ. ಪ್ರಯೋಗಾಲಯದಲ್ಲಾದರೆ ಹಾಲಿನ ಕೊಬ್ಬಿನಲ್ಲಿ ಮಾತ್ರ ಸಾಕಷ್ಟು ಇರುವ ಸಣ್ಣ ಕೊಬ್ಬಿನಾಮ್ಲಗಳನ್ನು ಅಳೆಯುತ್ತಾರೆ. ಗಿಡದ ಎಣ್ಣೆಯಲ್ಲಿ ಮಾತ್ರ ಇರುವ ಸ್ಟೆರಾಲ್ ಒಂದಿದೆ, ಅದನ್ನೂ ಹುಡುಕುತ್ತಾರೆ. ಹಾಗಾಗಿ ತುಪ್ಪದ ವಿಷಯದಲ್ಲಿ ನನ್ನ ಸಲಹೆ ನೇರವಾದದ್ದು: ಗುರುತಿರುವ ಮನೆಯಿಂದ ಬೆಣ್ಣೆ ತಂದು ನೀವೇ ಕಾಯಿಸಿ, ಇಲ್ಲವೇ ಡೈರಿಯ ಅಥವಾ ಅಗ್‌ಮಾರ್ಕ್ ಇರುವ ಡಬ್ಬ ಕೊಳ್ಳಿ. ಒಂದು ಕೆ.ಜಿ. ಮನೆಬೆಣ್ಣೆಗೆ ಮುಕ್ಕಾಲು ಕೆ.ಜಿ. ಆಸುಪಾಸು ತುಪ್ಪ ಬರಬೇಕು. ಅದಕ್ಕಿಂತ ತೀರಾ ಕಡಿಮೆ ಬಂದರೆ ಬೆಣ್ಣೆಯಲ್ಲಿ ನೀರು ಜಾಸ್ತಿ ಇತ್ತು ಎಂದು ಲೆಕ್ಕ.

ಕಾಳುಮೆಣಸಿಗೆ ನಮ್ಮ ಊರಿನ ವ್ಯಾಪಾರಿಗಳದೇ ಒಳ್ಳೆಯ ಪರೀಕ್ಷೆ ಇದೆ. ಒಂದು ಲೀಟರ್ ಅಳತೆಗೆ ಮೆಣಸು ಎಷ್ಟು ತೂಗುತ್ತದೆ ಎಂದು ನೋಡುತ್ತಾರೆ. 550 ಗ್ರಾಂ ಬಂದರೆ ಒಳ್ಳೆಯ ಮಾಲು. 500ರ ಕೆಳಗೆ ಇಳಿದಷ್ಟೂ ಜೊಳ್ಳು ಜಾಸ್ತಿ. ಜೇನಿಗೆ ಬಳಸಿದ ಅದೇ ಬಾಟಲಿಯಲ್ಲಿ ನೀವೂ ನೋಡಬಹುದು. ನೀರು 200 ಗ್ರಾಂ ಹಿಡಿಯುವ ಬಾಟಲಿಗೆ ಮೆಣಸು ಕುಟ್ಟದೆ, ಅಲ್ಲಾಡಿಸದೆ ಸುರಿದು ಬಾಯಿಮಟ್ಟ ಸಮ ಮಾಡಿ ತೂಗಿ. ನೂರಾ ಹತ್ತು ಗ್ರಾಂ ಹತ್ತಿರ ಬರಬೇಕು. ಸಣ್ಣ ಬಾಟಲಿಯಲ್ಲಿ ಸ್ವಲ್ಪ ಕಡಿಮೆಯೇ ಬರುತ್ತದೆ, ನೂರು ಬಂದರೂ ಪರವಾಗಿಲ್ಲ. ಎಂಬತ್ತು ಬಂದರೆ ಒಂದೋ ಜೊಳ್ಳು, ಒಂದೋ ಬೇರೇನೋ ಬೀಜ.

ಆ ಬೇರೆ ಬೀಜ ಸಾಮಾನ್ಯವಾಗಿ ಒಣಗಿದ ಪಪ್ಪಾಯದ್ದು. ನೀರಿಗೆ ಹಾಕಿದರೆ ಮೆಣಸು ಮುಳುಗುತ್ತದೆ, ಪಪ್ಪಾಯ ಬೀಜ ತೇಲುತ್ತದೆ ಎನ್ನುವುದು ಎಲ್ಲರಿಗೂ ಗೊತ್ತು. ಆದರೆ ಜೊಳ್ಳು ಮೆಣಸೂ ತೇಲುತ್ತದೆ, ಹಾಗಾಗಿ ತೇಲಿದ್ದನ್ನು ನೋಡಿ ಜಗಳಕ್ಕೆ ಹೋಗಬೇಡಿ. ತೇಲಿದ ಹತ್ತು ಕಾಳು ತೆಗೆದು ನೋಡಿ. ಮೆಣಸು ದುಂಡಗಿರುತ್ತದೆ, ಚಾಕುವಿನಿಂದ ಸೀಳಿದರೆ ಒಳಗೆ ಬೆಳ್ಳಗೆ ಅಥವಾ ಟೊಳ್ಳಾಗಿರುತ್ತದೆ, ಕಚ್ಚಿದರೆ ಖಾರ. ಪಪ್ಪಾಯ ಬೀಜ ಮೊಟ್ಟೆಯಾಕಾರ, ಹಸಿರುಮಿಶ್ರಿತ ಕಂದು, ಸುಕ್ಕುಗಟ್ಟಿರುತ್ತದೆ, ಬಾಯಿಗೆ ಹಾಕಿದರೆ ಉಗಿಯುವ ಹಾಗಿರುತ್ತದೆ. ಮೆಣಸು ತೀರಾ ಫಳಫಳ ಹೊಳೆಯುತ್ತಿದ್ದರೆ ಒಂದು ಹಿಡಿಯನ್ನು ಬಿಳಿ ಟಿಶ್ಯೂ ಪೇಪರಿನಲ್ಲಿ ಉಜ್ಜಿ ಮೂಸಿ. ಎಣ್ಣೆ ಕಲೆ, ಸೀಮೆಎಣ್ಣೆಯಂಥ ವಾಸನೆ ಬಂದರೆ ಖನಿಜ ತೈಲ ಸವರಿದ್ದಾರೆ. 2012ರ ಕೊನೆಯಲ್ಲಿ ಕೇರಳದ ಗೋದಾಮುಗಳಲ್ಲಿ ಇದೇ ಕಾರಣಕ್ಕೆ ಸಾವಿರಾರು ಟನ್ ಮೆಣಸಿಗೆ ಬೀಗ ಬಿದ್ದಿತ್ತು. ಹೊರದೇಶದ ಮೆಣಸನ್ನು ಮಲೆನಾಡಿನದು ಎಂದು ಮಾರುವ ಮೋಸವೂ ಇದೆ. ಅದನ್ನು ಮನೆಯಲ್ಲಿ ಕಂಡುಹಿಡಿಯಲು ದಾರಿಯಿಲ್ಲ. ಜನವರಿಯಿಂದ ಮಾರ್ಚ್ ಒಳಗೆ ಅಡಿಕೆ ತೋಟದವರ ಅಂಗಳದಲ್ಲೇ ವರ್ಷಕ್ಕಾಗುವಷ್ಟು ಕೊಂಡರೆ ಈ ತಲೆನೋವೇ ಇಲ್ಲ. ಚೆನ್ನಾಗಿ ಒಣಗಿದ ಇಡೀ ಕಾಳು ವರ್ಷ ದಾಟಿದರೂ ಕೆಡುವುದಿಲ್ಲ.

ನಿಮ್ಮ ಜಾಪತ್ರೆಯನ್ನು ಇನ್ನೊಮ್ಮೆ ತೆಗೆದು ನೋಡಿ. ನಮ್ಮ ಘಟ್ಟದ ಕಾಡಿನಲ್ಲಿ ರಾಂಪತ್ರೆ ಬೆಳೆಯುತ್ತದೆ, ಅದು ಜಾಯಿಕಾಯಿಯ ಹತ್ತಿರದ ನೆಂಟ. ರಾಂಪತ್ರೆಯನ್ನು ರಾಂಪತ್ರೆ ಎಂದೇ ಮಾರಿದರೆ ತಪ್ಪಿಲ್ಲ, ಅದಕ್ಕೂ ಬಳಕೆ ಇದೆ. ಜಾಪತ್ರೆಯ ದರಕ್ಕೆ ಮಾರಿದಾಗ ಮೋಸ. ಜಾಪತ್ರೆ ಕಿತ್ತಳೆ ಹಳದಿ ಬಣ್ಣದ ಅಗಲವಾದ ಪಟ್ಟಿಗಳ ಜಾಲ, ಉಗುರಿನಿಂದ ಕೀರಿದರೆ ಘಮ್ ಅನ್ನುತ್ತದೆ. ರಾಂಪತ್ರೆ ಕಡು ಕೆಂಪುಗಂದು, ಎಳೆಗಳು ಸಣ್ಣ, ಉದ್ದ, ತುದಿಯಲ್ಲಿ ದಾರದಂತೆ ಸುತ್ತಿಕೊಂಡಿರುತ್ತವೆ. ಕೀರಿದರೂ ಪರಿಮಳ ಕಡಿಮೆ. ಇದಕ್ಕೆ ಮೂಗಿಗಿಂತ ದೊಡ್ಡ ಪ್ರಯೋಗಾಲಯ ಬೇಡ.

ಪುಡಿಗಳ ಬಗ್ಗೆ ನೀವು ಕೇಳಿಲ್ಲ, ಆದರೂ ಎರಡು ಮಾತು. ಮೆಣಸಿನಕಾಯಿ ಪುಡಿಯನ್ನು ನೀರಿನ ಮೇಲೆ ಉದುರಿಸಿದಾಗ ಕೆಂಪು ಗೆರೆಗಳು ಸರಸರ ಇಳಿದರೆ ನೀರಿನಲ್ಲಿ ಕರಗುವ ಬಣ್ಣ ಹಾಕಿದ್ದಾರೆ. ಮೆಣಸಿನಕಾಯಿಯ ಸಹಜ ಬಣ್ಣ ಕರಗುವುದು ಎಣ್ಣೆಯಲ್ಲಿ, ನೀರಿನಲ್ಲಲ್ಲ. ತೊಂದರೆ ಏನೆಂದರೆ ಸುಡಾನ್ ಎಂಬ ನಿಷೇಧಿತ ಬಣ್ಣ ಕೂಡ ಎಣ್ಣೆಯಲ್ಲೇ ಕರಗುವುದು. ಅದಿದ್ದರೆ ನೀರಿನ ಪರೀಕ್ಷೆಯಲ್ಲಿ ಪುಡಿ ಚೆನ್ನಾಗಿ ಪಾಸಾಗುತ್ತದೆ. ಮಸಾಲೆ ಪುಡಿಗೆ ಅಯೋಡಿನ್ ಹಾಕಿ ನೀಲಿ ಬಂತು ಎಂದು ಗಾಬರಿಯಾಗುವವರೂ ಇದ್ದಾರೆ. ಅರಿಶಿನ, ಕಾಳುಮೆಣಸು ಎರಡರಲ್ಲೂ ಸಹಜವಾಗಿಯೇ ಪಿಷ್ಟ ಇದೆ, ನೀಲಿ ಬರಲೇಬೇಕು. ಅರಿಶಿನಕ್ಕೆ ಹೊಳಪು ಬರಲಿ ಎಂದು ಸೀಸ ಇರುವ ಹಳದಿ ಪುಡಿ ಸವರುವುದು ಇವೆಲ್ಲದರಲ್ಲಿ ಅತಿ ಕೆಟ್ಟ ಮೋಸ. ಸೀಸ ಮಕ್ಕಳ ಮಿದುಳಿಗೆ ವಿಷ. ಹಾಗಾಗಿ ಕೊಂಬು ಕೊಂಡು ಮುರಿದು ನೋಡಿ. ಹೊರಗೆ ನಿಂಬೆಹಳದಿ ಮಿಂಚು, ಒಳಗೆ ಬೇರೆಯೇ ಬಣ್ಣ ಇದ್ದರೆ ಬಿಟ್ಟುಬಿಡಿ. ಹೊರಗೆ ಮಂಕಾಗಿ, ಒಳಗೆ ಕಡು ಕಿತ್ತಳೆ ಇರುವ ಕೊಂಬನ್ನು ತಂದು ಮಿಲ್ಲಿನಲ್ಲಿ ಎದುರಿಗೇ ನಿಂತು ಪುಡಿ ಮಾಡಿಸಿ.

ಯಾರ ಹತ್ತಿರ ಕೊಳ್ಳಬೇಕು ಅನ್ನುವುದಕ್ಕೆ ಅಂಗಡಿಯ ಹೆಸರು ಹೇಳಲಾರೆ. ಕೇಳಬೇಕಾದ ಪ್ರಶ್ನೆ ಹೇಳಬಲ್ಲೆ. ಜೇನಿನವರಿಗೆ: ಯಾವ ಹುಳ, ಯಾವ ತಿಂಗಳು ತೆಗೆದಿದ್ದು, ಎಷ್ಟು ಪೆಟ್ಟಿಗೆ, ಮಳೆಗಾಲದಲ್ಲಿ ಪಾಕ ಕೊಟ್ಟಿರಾ? ಕೊನೆಯ ಪ್ರಶ್ನೆಗೆ "ಕೊಡುತ್ತೇವೆ, ಆದರೆ ಆಗ ಜೇನು ತೆಗೆಯೋದಿಲ್ಲ" ಎನ್ನುವವರು ನನಗೆ ಹಿಡಿಸುತ್ತಾರೆ. "ನಮ್ಮದರಲ್ಲಿ ಸಕ್ಕರೆಯ ಮಾತೇ ಇಲ್ಲ, ವರ್ಷವಿಡೀ ಫ್ರೆಶ್" ಎನ್ನುವವರು ಹಿಡಿಸುವುದಿಲ್ಲ. ಇಪ್ಪತ್ತು ಪೆಟ್ಟಿಗೆ ಇದೆ ಎಂದವರು ವರ್ಷಕ್ಕೆ ನೂರೈವತ್ತು ಕೆ.ಜಿ. ಮಾರಿದರೆ ನಂಬಬಹುದು, ಒಂದು ಟನ್ ಮಾರಿದರೆ ಆಗದು. ವರ್ಷದಿಂದ ವರ್ಷಕ್ಕೆ ಬಣ್ಣ, ರುಚಿ ಸ್ವಲ್ಪ ಬದಲಾಗುತ್ತದೆಯೇ ಎಂದೂ ಗಮನಿಸಿ. ನೇರಳೆ ಹೂವಿನದು ಕಪ್ಪಗೆ ಒಗರು, ಇನ್ನೊಂದು ತಿಳಿಯಾಗಿ ಸಿಹಿ. ಒಂದೇ ತೋಟದ ಜೇನು ಪ್ರತಿ ಬಾರಿ ಒಂದೇ ಬಣ್ಣ ಇದ್ದರೆ ನನಗೆ ಅನುಮಾನ.

ಬಾಟಲಿಯ ಮೇಲೆ ಕೇಂದ್ರದ ಆಹಾರ ಸುರಕ್ಷತಾ ಸಂಸ್ಥೆಯಾದ ಎಫ್‌ಎಸ್‌ಎಸ್‌ಎಐನ 14 ಅಂಕಿಯ ಸಂಖ್ಯೆ ಇರಬೇಕು. ಮೊದಲ ಅಂಕಿ 1 ಇದ್ದರೆ ಲೈಸೆನ್ಸ್, 2 ಇದ್ದರೆ ಸಣ್ಣ ವ್ಯಾಪಾರಿಯ ನೋಂದಣಿ. ಮುಂದಿನ ಎರಡು ಅಂಕಿ ರಾಜ್ಯದ್ದು, ಕರ್ನಾಟಕಕ್ಕೆ 12. ಕೇಂದ್ರದ ಲೈಸೆನ್ಸ್ ಇರುವ ದೊಡ್ಡ ಕಂಪನಿಗಾದರೆ ಆ ಜಾಗದಲ್ಲಿ 00 ಇರುತ್ತದೆ. "ನಮ್ಮದು ತೀರ್ಥಹಳ್ಳಿಯ ಮನೆ ಉತ್ಪನ್ನ" ಎನ್ನುವ ಬಾಟಲಿಯ ಮೇಲೆ ಬೇರೆ ರಾಜ್ಯದ ಸಂಖ್ಯೆ ಇದ್ದರೆ ಅದು ಎಲ್ಲಿ ತುಂಬಿದ್ದು ಎಂದು ಕೇಳಿ. foscos.fssai.gov.in ತಾಣದಲ್ಲಿ ಆ ಸಂಖ್ಯೆ ಹಾಕಿದರೆ ಯಾರ ಹೆಸರಲ್ಲಿದೆ ಎಂದು ಕಾಣುತ್ತದೆ. ಇಷ್ಟಕ್ಕೇ ಮಾಲು ಶುದ್ಧ ಎಂದಾಗುವುದಿಲ್ಲ. ಮೋಸವಾದರೆ ಹಿಡಿಯಲು ಒಬ್ಬ ಮನುಷ್ಯ ಇದ್ದಾನೆ ಎಂದಾಗುತ್ತದೆ. ಅಗ್‌ಮಾರ್ಕ್ ಇದ್ದರೆ ಪರೀಕ್ಷೆ ಮಾಡಿ ದರ್ಜೆ ಕೊಟ್ಟ ಮಾಲು, ಆದರೆ ಅದು ಕಡ್ಡಾಯ ಅಲ್ಲದ ಕಾರಣ ಸಣ್ಣವರು ತೆಗೆದುಕೊಂಡಿರುವುದಿಲ್ಲ. ಪೆಟ್ಟಿಗೆಗಳನ್ನು ಕಣ್ಣಾರೆ ನೋಡಿದ ಪಕ್ಕದೂರಿನವರ ಬಾಟಲಿಗೆ ಆ ಮುದ್ರೆ ಇಲ್ಲವೆಂದು ನಾನು ಬಿಡುವುದಿಲ್ಲ.

ಇನ್ನೊಂದು ದಾರಿ ಹೆಚ್ಚಿನವರಿಗೆ ಗೊತ್ತಿಲ್ಲ. 2006ರ ಆಹಾರ ಸುರಕ್ಷತಾ ಕಾಯ್ದೆಯ 40ನೇ ಕಲಮಿನ ಪ್ರಕಾರ ಕೊಂಡವರೇ ಶುಲ್ಕ ಕಟ್ಟಿ ಸರ್ಕಾರಿ ಆಹಾರ ವಿಶ್ಲೇಷಕರಿಂದ ಪರೀಕ್ಷೆ ಮಾಡಿಸಿಕೊಳ್ಳಬಹುದು. ವರದಿಯಲ್ಲಿ ತಪ್ಪು ಕಂಡರೆ ಶುಲ್ಕ ವಾಪಸ್. ಆದರೆ ಒಂದು ಷರತ್ತು ಇದೆ: ಪರೀಕ್ಷೆಗೆ ಕೊಡುತ್ತೇನೆ ಎಂದು ಕೊಳ್ಳುವಾಗಲೇ ವ್ಯಾಪಾರಿಗೆ ಹೇಳಿರಬೇಕು. ಹಾಗಾಗಿ ಜುಲೈನ ಬಾಟಲಿಗೆ ಈ ದಾರಿ ಮುಚ್ಚಿದೆ. ಮುಂದಿನ ಸಲ ದೊಡ್ಡ ಮೊತ್ತಕ್ಕೆ, ಮದುವೆಗೋ ಗೃಹಪ್ರವೇಶಕ್ಕೋ ಹತ್ತು ಕೆ.ಜಿ. ತುಪ್ಪ ಕೊಳ್ಳುವಾಗ ಬಿಲ್ಲು ಕೇಳಿ, ಈ ಮಾತನ್ನೂ ಹೇಳಿ. ನಿಯಮ ವಿಚಾರಿಸಲು ಜಿಲ್ಲೆಯ ಆಹಾರ ಸುರಕ್ಷತಾ ಅಧಿಕಾರಿಗಳ ಕಚೇರಿಗೆ ಹೋಗಿ. ಪರೀಕ್ಷೆಯ ಮಾತು ಕೇಳಿದ ಕೂಡಲೇ ಎಷ್ಟೋ ಜನ "ಇವತ್ತು ಸ್ಟಾಕ್ ಇಲ್ಲ" ಅಂದುಬಿಡುತ್ತಾರೆ, ಶುಲ್ಕವೂ ಉಳಿಯುತ್ತದೆ.